ಉದ್ರಿ ಖರೀದಿ ಬಿಲ್ಲಿನ ಟ್ಯಾಕ್ಸ್ ಯಾವ ಖಾತೆಗೆ ಹೋಗಬೇಕು?

ಪ್ರಶ್ನೆ: ನಮಸ್ಕಾರ ಸರ್. ಕಾರವಾರದಲ್ಲಿ ನಮ್ಮದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಹುಬ್ಬಳ್ಳಿ ಪಾರ್ಟಿಯಿಂದ ಪಿವಿಸಿ ಪೈಪು ಉದ್ರಿ ಮೇಲೆ ಬರುತ್ತದೆ, ಒಂದೂವರೆ ಎರಡು ತಿಂಗಳು ಬಿಟ್ಟು ಹಣ ಕೊಡುತ್ತೇವೆ. ಈ ಸಲದ ಬಿಲ್ 49,560 ರೂಪಾಯಿ. ಮೊದಲು ಲೆಕ್ಕ ಬರೆಯುತ್ತಿದ್ದವರು ಪೂರ್ತಿ ಮೊತ್ತ ಖರೀದಿಗೇ ಹಾಕುತ್ತಿದ್ದರು. ಹೊಸದಾಗಿ ಬಂದ ಹುಡುಗ ಟ್ಯಾಕ್ಸ್ ಬೇರೆ ಖಾತೆಗೆ ಬರೆಯಬೇಕು ಅಂತಾನೆ. ಪಾರ್ಟಿಗೆ ಒಂದು ಪೈಸೆಯೂ ಕೊಡದೆ ಟ್ಯಾಕ್ಸ್ ನಮ್ಮದು ಅಂತ ಬರೆದುಕೊಳ್ಳುವುದು ತಪ್ಪಲ್ಲವಾ? ಮಡಗಾವ್‌ನಿಂದ ತಂದ ಮಾಲಿನ ಬಿಲ್ಲೂ ಇದೆ, ಅದನ್ನೂ ಹೀಗೇ ಬರೆಯಬೇಕಾ?

ಉತ್ತರ: ನಿಮ್ಮ ಹುಡುಗ ಹೇಳಿದ್ದೇ ಸರಿ. ನೀವು ಕಾಂಪೊಸಿಶನ್‌ನಲ್ಲಿ ಇಲ್ಲ, ಮಾಮೂಲಿ ರಿಜಿಸ್ಟ್ರೇಶನ್ ಇದೆ, ತಿಂಗಳಿಗೊಮ್ಮೆ ರಿಟರ್ನ್ ಹಾಕುತ್ತೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಕಾಂಪೊಸಿಶನ್ ಇದ್ದರೆ ಕಥೆ ಬೇರೆ. ಆಗ ಟ್ಯಾಕ್ಸ್ ವಾಪಸ್ ಸಿಗುವುದೇ ಇಲ್ಲ, ಪೂರ್ತಿ ಮೊತ್ತ ಖರೀದಿಗೇ ಹೋಗುತ್ತದೆ. ನಿಮ್ಮ ಹಳೇ ಲೆಕ್ಕದವರು ಬಹುಶಃ ಅಂಥ ಅಂಗಡಿಗಳಲ್ಲಿ ಬರೆದು ರೂಢಿಯಾದವರು ಇರಬಹುದು.

ಮೊದಲು ಬಿಲ್ಲನ್ನೇ ಮುಂದೆ ಇಟ್ಟುಕೊಳ್ಳೋಣ. 49,560 ಅಂದರೆ ಒಡೆದು ನೋಡಿದಾಗ ಹೀಗಿರಬೇಕು: ಪೈಪು, ಫಿಟಿಂಗ್ಸ್ 41,000, ಸಾಗಾಟ 1,000, ಒಟ್ಟು 42,000. ಅದರ ಮೇಲೆ 18% ಟ್ಯಾಕ್ಸ್ 7,560. ಹುಬ್ಬಳ್ಳಿಯೂ ಕಾರವಾರವೂ ಒಂದೇ ರಾಜ್ಯ, ಹಾಗಾಗಿ ಆ 7,560 ಸಿಜಿಎಸ್‌ಟಿ 3,780, ಎಸ್‌ಜಿಎಸ್‌ಟಿ 3,780 ಅಂತ ಅರ್ಧರ್ಧ ಆಗಿರುತ್ತದೆ. ನಿಮ್ಮ ಬಿಲ್ಲಿನಲ್ಲಿ ಸಾಗಾಟದ ಸಾಲು ಇಲ್ಲದೆ ಪೂರ್ತಿ 42,000 ಮಾಲೇ ಆಗಿದ್ದರೂ ಎಂಟ್ರಿ ಬದಲಾಗುವುದಿಲ್ಲ. ಪಾರ್ಟಿಯೇ ತನ್ನ ಬಿಲ್ಲಿನಲ್ಲಿ ಸಾಗಾಟ ಹಾಕಿದ್ದರೆ ಅದು ಮಾಲಿನ ಬೆಲೆಯ ಭಾಗವೇ, ಅದೇ ರೇಟಿನ ಟ್ಯಾಕ್ಸ್ ಬೀಳುತ್ತದೆ. ಸಾಗಾಟ ಬೇರೆ ತೋರಿಸಬೇಕು ಅನಿಸಿದರೆ ಬೇರೆ ಖಾತೆ ಮಾಡಿಕೊಳ್ಳಿ, ತಪ್ಪಿಲ್ಲ.

ಮಾಲು ಅಂಗಡಿಗೆ ಬಂದ ದಿನದ ಎಂಟ್ರಿ ಇಷ್ಟು:

```
ಖರೀದಿ ಖಾತೆ            ಡೆಬಿಟ್   42,000
ಇನ್‌ಪುಟ್ ಸಿಜಿಎಸ್‌ಟಿ       ಡೆಬಿಟ್    3,780
ಇನ್‌ಪುಟ್ ಎಸ್‌ಜಿಎಸ್‌ಟಿ      ಡೆಬಿಟ್    3,780
   ಹುಬ್ಬಳ್ಳಿ ಪಾರ್ಟಿ      ಕ್ರೆಡಿಟ್  49,560
```

ಎರಡು ತಿಂಗಳು ಬಿಟ್ಟು ಹಣ ಕೊಟ್ಟಾಗ ಪಾರ್ಟಿ ಡೆಬಿಟ್ 49,560, ಬ್ಯಾಂಕ್ ಕ್ರೆಡಿಟ್ 49,560. ಆಗ ಟ್ಯಾಕ್ಸ್ ಖಾತೆಗೆ ಕೈ ಹಚ್ಚಬಾರದು. ಹಣ ಕೊಟ್ಟ ದಿನ ಮತ್ತೊಮ್ಮೆ ಟ್ಯಾಕ್ಸ್ ಬರೆದು ಎರಡೆರಡು ಸಲ ಇನ್‌ಪುಟ್ ತೋರಿಸಿದ ಪುಸ್ತಕಗಳು ನನ್ನ ಟೇಬಲ್ಲಿಗೆ ಆಗಾಗ ಬರುತ್ತವೆ.

ಇನ್ನು ನಿಮ್ಮ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಹಣ ಕೊಡದೆ ಟ್ಯಾಕ್ಸ್ ನಮ್ಮದಾಗುವುದು ಹೇಗೆ? ಕಾನೂನು ಇಲ್ಲಿ ನೀವು ಪಾರ್ಟಿಗೆ ಹಣ ಕೊಟ್ಟಿರಾ ಅಂತ ಮೊದಲಿಗೆ ಕೇಳುವುದಿಲ್ಲ. ನಿಮ್ಮ ಹೆಸರು, ನಿಮ್ಮ ಜಿಎಸ್‌ಟಿ ನಂಬರ್ ಇರುವ ಟ್ಯಾಕ್ಸ್ ಇನ್‌ವಾಯ್ಸ್ ಕೈಯಲ್ಲಿದೆಯಾ, ಮಾಲು ಬಂದು ಮುಟ್ಟಿದೆಯಾ, ಪಾರ್ಟಿ ಆ ಬಿಲ್ಲನ್ನು ತನ್ನ ರಿಟರ್ನಿನಲ್ಲಿ ತೋರಿಸಿ ಅದು ಪೋರ್ಟಲ್ ಕೊಡುವ ನಿಮ್ಮ ಖರೀದಿ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬಂದಿದೆಯಾ, ಟ್ಯಾಕ್ಸ್ ಸರ್ಕಾರಕ್ಕೆ ಕಟ್ಟಿದೆಯಾ, ಇವನ್ನು ಕೇಳುತ್ತದೆ. ಪಾರ್ಟಿ ನಿಮಗೆ ಉದ್ರಿ ಕೊಟ್ಟಿದ್ದರೂ ಸರ್ಕಾರ ಅವರಿಗೆ ಉದ್ರಿ ಕೊಡುವುದಿಲ್ಲ. ನೀವು ಆಗಸ್ಟ್‌ನಲ್ಲಿ ಹಣ ಕೊಡುವಿರಾದರೂ ಜೂನ್ ಬಿಲ್ಲಿನ 7,560ನ್ನು ಅವರು ಜೂನ್ ರಿಟರ್ನಿನಲ್ಲೇ ಲೆಕ್ಕ ಕೊಡಬೇಕು. ಆ ಕಡೆ ಟ್ಯಾಕ್ಸ್ ಆ ತಿಂಗಳೇ ಹೋಗಿದೆ, ಹಾಗಾಗಿ ಈ ಕಡೆ ನಿಮಗೆ ಆ ತಿಂಗಳೇ ಸಿಗುತ್ತದೆ. ಹಣ ಕೊಡುವುದಕ್ಕೂ ಒಂದು ಗಡುವು ಇದೆ, ಅದನ್ನು ಮುಂದೆ ಹೇಳುತ್ತೇನೆ.

ಅಂದರೆ ಈ 7,560 ಖರ್ಚಲ್ಲ, ಸರ್ಕಾರದಿಂದ ನಿಮಗೆ ಬರಬೇಕಾದ ಬಾಕಿ. ಪೂರ್ತಿ ಖರೀದಿಗೆ ಹಾಕಿದರೆ ಏನಾಗುತ್ತದೆ ನೋಡಿ. ಇದೇ ಮಾಲನ್ನು ನೀವು ಅದೇ ತಿಂಗಳು 60,000ಕ್ಕೆ ಮಾರಿದಿರಿ, ಮೇಲೆ ಟ್ಯಾಕ್ಸ್ 10,800 ವಸೂಲಿ ಮಾಡಿದಿರಿ. ರಿಟರ್ನಿನಲ್ಲಿ 10,800ರಲ್ಲಿ 7,560 ಕಳೆದು 3,240 ಕಟ್ಟಿದಿರಿ. ನಿಜವಾದ ಲಾಭ 60,000ರಲ್ಲಿ 42,000 ಕಳೆದು 18,000. ಆದರೆ ಖರೀದಿ ಖಾತೆಯಲ್ಲಿ 49,560 ಇದ್ದರೆ ಪುಸ್ತಕ 10,440 ಲಾಭ ತೋರಿಸುತ್ತದೆ. ಆ ಕಡೆ ಔಟ್‌ಪುಟ್ ಟ್ಯಾಕ್ಸ್ ಖಾತೆಯಲ್ಲಿ 10,800 ಬಾಕಿ ಬರೆದಿರುತ್ತೀರಿ, ಕಟ್ಟಿದ್ದು 3,240, ಉಳಿದ 7,560 ಸರ್ಕಾರಕ್ಕೆ ಇನ್ನೂ ಕೊಡಬೇಕು ಅಂತ ಕೂತಿರುತ್ತದೆ. ಯಾರಿಗೂ ಕೊಡಬೇಕಾಗಿಲ್ಲದ ಸಾಲ ಅದು. ಪ್ರತಿ ಬಿಲ್ಲಿಗೂ ಹೀಗೇ ಆಗಿ ವರ್ಷದ ಕೊನೆಗೆ ಅದು ಲಕ್ಷಕ್ಕೆ ಮುಟ್ಟುತ್ತದೆ. ಬ್ಯಾಂಕಿನವರು ಸಾಲಕ್ಕೆ ಬ್ಯಾಲೆನ್ಸ್ ಶೀಟ್ ಕೇಳಿದಾಗ ಟ್ಯಾಕ್ಸ್ ಇಷ್ಟು ಬಾಕಿ ಯಾಕೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಮೂರಕ್ಕೂ ಬೇರೆ ಬೇರೆ ಖಾತೆ ಬೇಕು. ಸುಮ್ನೆ "ಇನ್‌ಪುಟ್ ಜಿಎಸ್‌ಟಿ" ಅಂತ ಒಂದೇ ಖಾತೆ ಮಾಡಿದರೆ ಸಾಲದು, ಯಾಕೆಂದರೆ ಸಿಜಿಎಸ್‌ಟಿ ಕ್ರೆಡಿಟ್‌ನಿಂದ ಎಸ್‌ಜಿಎಸ್‌ಟಿ ಕಟ್ಟಲು ಬರುವುದಿಲ್ಲ, ಎಸ್‌ಜಿಎಸ್‌ಟಿಯಿಂದ ಸಿಜಿಎಸ್‌ಟಿಯೂ ಕಟ್ಟಲಾಗುವುದಿಲ್ಲ. ಖಾತೆ ಮೂರು ಇದ್ದರೆ ಪೋರ್ಟಲ್ಲಿನ ಕ್ರೆಡಿಟ್ ಲೆಡ್ಜರಿನ ಜೊತೆ ಒಂದೊಂದಾಗಿ ತಾಳೆ ನೋಡಬಹುದು.

ಈಗ ನಿಜವಾದ ತಾಪತ್ರಯ ಎಲ್ಲಿ ಅಂದರೆ, ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಕ್ರೆಡಿಟ್ ಸಿಗುವುದಿಲ್ಲ. ನಿಮ್ಮ ಬಿಲ್ ಜೂನ್ 12ರದ್ದು, ಮಾಲು ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಜೂನ್ 14ಕ್ಕೆ ಬಂತು ಅಂದುಕೊಳ್ಳಿ. ವೋಚರ್ ದಿನಾಂಕ ಜೂನ್ 14 ಇರಲಿ, ಆದರೆ ಪಾರ್ಟಿಯ ಬಿಲ್ ನಂಬರ್ ಮತ್ತು ಬಿಲ್ ದಿನಾಂಕ ಅದಕ್ಕೆಂದೇ ಇರುವ ಜಾಗದಲ್ಲಿ ಬಿಲ್ಲಿನಲ್ಲಿ ಇದ್ದ ಹಾಗೇ ಇರಬೇಕು, ಗೆರೆ ಅಡ್ಡಗೆರೆ ಸಹಿತ. 2ಬಿ ಜೊತೆ ತಾಳೆ ಹಾಕುವಾಗ ಇದೇ ಉಪಯೋಗಕ್ಕೆ ಬರುತ್ತದೆ. ಜೂನ್ ತಿಂಗಳ 2ಬಿ ಜುಲೈ 14ಕ್ಕೆ ಬರುತ್ತದೆ. ನಿಮ್ಮ ಜಿಎಸ್‌ಟಿಆರ್-3ಬಿ ಗಡುವು ಜುಲೈ 20. ಮಧ್ಯೆ ಸಿಗುವ ಆ ಐದಾರು ದಿನದಲ್ಲೇ ತಾಳೆ ನೋಡಬೇಕು.

ಹುಬ್ಬಳ್ಳಿ ಬಿಲ್ 2ಬಿಯಲ್ಲಿ ಕಾಣಲಿಲ್ಲ ಅಂದರೆ ಏನು ಮಾಡುವುದು? ಆ ತಿಂಗಳು ಕ್ಲೈಮ್ ಮಾಡಬೇಡಿ. ಆದರೆ ಖರೀದಿಗೂ ಸೇರಿಸಬೇಡಿ, ಅದು ಕೈಬಿಟ್ಟು ಹೋಗಿಲ್ಲ. "ಬಾಕಿ ಇನ್‌ಪುಟ್ ಜಿಎಸ್‌ಟಿ" ಅಂತ ಒಂದು ಖಾತೆ ಮಾಡಿ ಅಲ್ಲಿಗೆ ದಾಟಿಸಿ:

```
ಬಾಕಿ ಇನ್‌ಪುಟ್ ಜಿಎಸ್‌ಟಿ      ಡೆಬಿಟ್   7,560
   ಇನ್‌ಪುಟ್ ಸಿಜಿಎಸ್‌ಟಿ      ಕ್ರೆಡಿಟ್  3,780
   ಇನ್‌ಪುಟ್ ಎಸ್‌ಜಿಎಸ್‌ಟಿ     ಕ್ರೆಡಿಟ್  3,780
```

ವಿವರಣೆಯಲ್ಲಿ ಪಾರ್ಟಿ ಹೆಸರು, ಬಿಲ್ ನಂಬರ್ ಬರೆಯಿರಿ. ಪಾರ್ಟಿ ತಡಮಾಡಿ ಜುಲೈ 18ಕ್ಕೆ ರಿಟರ್ನ್ ಹಾಕಿದರು ಅಂತಾದರೆ ಆ ಬಿಲ್ ಜುಲೈ ತಿಂಗಳ 2ಬಿಯಲ್ಲಿ ಕಾಣುತ್ತದೆ, ಆಗ ಇದೇ ಎಂಟ್ರಿಯನ್ನು ಉಲ್ಟಾ ಹಾಕಿ ಜುಲೈ ರಿಟರ್ನಿನಲ್ಲಿ ತೆಗೆದುಕೊಳ್ಳಿ. ಕೆಲವರು ಎಲ್ಲ ಬಿಲ್ಲನ್ನೂ ಮೊದಲೇ ಬಾಕಿ ಖಾತೆಗೆ ಬರೆದು, 2ಬಿ ನೋಡಿದ ಮೇಲೆ ಒಂದೊಂದೇ ದಾಟಿಸುತ್ತಾರೆ. ಬಿಲ್ಲುಗಳು ನೂರಾರು ಇದ್ದಾಗ ಅದು ಒಳ್ಳೇದು, ಮರೆತು ಕ್ಲೈಮ್ ಮಾಡುವ ಭಯ ಇಲ್ಲ. ನಿಮ್ಮಂಥ ಅಂಗಡಿಗೆ ಬರೆಯುವ ಕೆಲಸ ಜಾಸ್ತಿ ಆಗುತ್ತದೆ. ಕಾಣದ ಬಿಲ್ಲನ್ನು ಮಾತ್ರ ತಿಂಗಳ ಕೊನೆಯ ದಿನಾಂಕಕ್ಕೆ ದಾಟಿಸುವುದೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಬಿಲ್ ಕಾಣದಿರಲು ಪಾರ್ಟಿಯ ಮೋಸವೇ ಕಾರಣ ಅಂದುಕೊಳ್ಳಬೇಡಿ. ಸಣ್ಣ ಪಾರ್ಟಿಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುತ್ತಾರೆ, ಅವರ ಏಪ್ರಿಲ್ ಬಿಲ್ ಜೂನ್ ತಿಂಗಳ 2ಬಿಯಲ್ಲಿ ಕಾಣುವುದು ಮಾಮೂಲಿ. ಇನ್ನೊಂದು ಕಾರಣ, ನಿಮ್ಮ ನಂಬರ್ ಹಾಕದೆ ಗಿರಾಕಿಗೆ ಮಾರಿದ ಹಾಗೆ ತೋರಿಸಿರುವುದು. ಇದು ಕಾದರೆ ಸರಿಯಾಗುವುದಿಲ್ಲ, ಫೋನ್ ಮಾಡಿ ತಿದ್ದಿಸಲೇಬೇಕು. ಅದಕ್ಕೇ ಬಾಕಿ ಖಾತೆಯಲ್ಲಿ ಎರಡು ತಿಂಗಳು ದಾಟಿದ ಬಿಲ್ ಕಂಡರೆ ಪಾರ್ಟಿಗೆ ಹಣ ಕಳಿಸುವ ಮೊದಲೇ ವಿಚಾರಿಸಿ. ಹಣ ಕೈಬಿಟ್ಟ ಮೇಲೆ ನಿಮ್ಮ ಮಾತಿಗೆ ತೂಕ ಕಮ್ಮಿ. ಕೊನೆಯ ಗಡುವು ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಂದರೆ 2025-26ರ ಬಿಲ್ಲಿಗೆ 2026ರ ನವೆಂಬರ್ 30. ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಹಾಕಿದರೆ ಆ ದಿನವೇ ಕೊನೆ. ಅದೂ ದಾಟಿತು ಅಂದರೆ ಮಾತ್ರ ಆ ಟ್ಯಾಕ್ಸನ್ನು ಖರ್ಚಿಗೆ ಬರೆಯಬೇಕು.

ಇನ್ನು ಹಣ ಕೊಡುವ ಗಡುವು. ಬಿಲ್ ದಿನಾಂಕದಿಂದ 180 ದಿನದೊಳಗೆ ಪಾರ್ಟಿಗೆ ಹಣ ಮುಟ್ಟದಿದ್ದರೆ, ಕೊಡದೆ ಉಳಿದ ಮೊತ್ತಕ್ಕೆ ತಕ್ಕಷ್ಟು ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡಬೇಕು. ಮಾಲು ಬಂದ ದಿನದಿಂದ ಎಣಿಸಬೇಡಿ. ಜೂನ್ 12ರ ಬಿಲ್ಲಿಗೆ ಡಿಸೆಂಬರ್ 9ಕ್ಕೆ 180 ದಿನ ಆಗುತ್ತದೆ. ಎರಡು ತಿಂಗಳಲ್ಲಿ ಕೊಡುವ ನಿಮಗೆ ಇದರ ಬಿಸಿ ತಟ್ಟುವುದಿಲ್ಲ ಅನಿಸಬಹುದು. ಆದರೆ ಸಣ್ಣ ಅಂಗಡಿಗಳು ಸಿಕ್ಕಿಬೀಳುವುದು ದೊಡ್ಡ ಬಾಕಿಯಲ್ಲಲ್ಲ, ಒಡೆದ ಮಾಲಿನ ಲೆಕ್ಕದಲ್ಲಿ.

ಘಾಟ್ ಇಳಿಯುವಾಗ ಕೆಲವು ಫಿಟಿಂಗ್ಸ್ ಒಡೆದು ಬಂದವು. ನೀವು ಫೋನ್ ಮಾಡಿದಿರಿ, ಅವರು "ಆಯ್ತು, 2,360 ಕಟ್ ಮಾಡ್ಕೊಳ್ಳಿ" ಅಂದರು. ನೀವು 47,200 ಕಳಿಸಿ ಮರೆತಿರಿ. ಪಾರ್ಟಿ ಖಾತೆಯಲ್ಲಿ 2,360 ಬಾಕಿ ಹಾಗೇ ನಿಂತಿರುತ್ತದೆ. ಕಾಗದದ ಪ್ರಕಾರ ನೀವು ಅಷ್ಟು ಹಣ ಕೊಟ್ಟಿಲ್ಲ, 180 ದಿನ ಆಯಿತು ಅಂದರೆ ಅದರೊಳಗಿನ 360 ರೂಪಾಯಿ ಟ್ಯಾಕ್ಸ್ ಮುಂದಿನ ರಿಟರ್ನಿನಲ್ಲಿ ವಾಪಸ್. ಸರಿಯಾದ ದಾರಿ ಅಂದರೆ ಪಾರ್ಟಿಯಿಂದ ಕ್ರೆಡಿಟ್ ನೋಟ್ ತರಿಸಿಕೊಳ್ಳುವುದು. 2,000 ಮಾಲು, 360 ಟ್ಯಾಕ್ಸ್ ಅಂತ ಅದರಲ್ಲಿ ಇರುತ್ತದೆ. ಆಗ ಎಂಟ್ರಿ:

```
ಹುಬ್ಬಳ್ಳಿ ಪಾರ್ಟಿ           ಡೆಬಿಟ್   2,360
   ಖರೀದಿ ವಾಪಸಾತಿ        ಕ್ರೆಡಿಟ್  2,000
   ಇನ್‌ಪುಟ್ ಸಿಜಿಎಸ್‌ಟಿ      ಕ್ರೆಡಿಟ್    180
   ಇನ್‌ಪುಟ್ ಎಸ್‌ಜಿಎಸ್‌ಟಿ     ಕ್ರೆಡಿಟ್    180
```

ಪಾರ್ಟಿ ಖಾತೆ ಸೊನ್ನೆ, ಟ್ಯಾಕ್ಸ್ ಕೂಡ ಸರಿ, ಬಡ್ಡಿಯ ಮಾತೇ ಇಲ್ಲ. ಇಲ್ಲೂ 360 ಕಮ್ಮಿಯಾಗುತ್ತದಲ್ಲ ಅನ್ನಬಹುದು. ಆದರೆ ಇಲ್ಲಿ ಪಾರ್ಟಿ ಆ 360ನ್ನು ನಿಮಗೆ ಬಿಟ್ಟುಕೊಟ್ಟಿದ್ದಾರೆ, ನಿಮ್ಮ ಕೈಯಿಂದ ಏನೂ ಹೋಗಲಿಲ್ಲ. ಇನ್ನು ನಿಜವಾಗಿಯೂ ಹಣ ಕೊಡಲಾಗದೆ 180 ದಿನ ದಾಟಿ ಕ್ರೆಡಿಟ್ ವಾಪಸ್ ಮಾಡಿದ್ದರೆ, ಮುಂದೆ ಹಣ ಕೊಟ್ಟಾಗ ಆ ಕ್ರೆಡಿಟ್ ಮತ್ತೆ ಸಿಗುತ್ತದೆ, ಅದಕ್ಕೆ ನವೆಂಬರ್ 30ರ ಗಡುವು ಇಲ್ಲ. ಹಾಗಾಗಿ ವಾಪಸ್ ಮಾಡಿದ ಟ್ಯಾಕ್ಸನ್ನೂ ಖರ್ಚಿಗೆ ಬರೆಯದೆ ಬೇರೆ ಖಾತೆಯಲ್ಲಿ ಇಟ್ಟಿರಬೇಕು. ಕಟ್ಟಿದ ಬಡ್ಡಿ ಮಾತ್ರ ಹೋದದ್ದೇ, ಅದು ಖರ್ಚು.

ಮಡಗಾವ್ ಬಿಲ್ಲಿಗೆ ಬರುತ್ತೇನೆ. ಕಾರವಾರದವರು ಇಲ್ಲಿ ಕಳೆದುಕೊಳ್ಳುವಷ್ಟು ಬೇರೆಲ್ಲೂ ಕಳೆದುಕೊಳ್ಳುವುದಿಲ್ಲ, ದಯವಿಟ್ಟು ಗಮನ ಕೊಟ್ಟು ಓದಿ. ಗೋವಾ ಬೇರೆ ರಾಜ್ಯ. ಅಲ್ಲಿನ ಪಾರ್ಟಿಯ ಜಿಎಸ್‌ಟಿ ನಂಬರ್ 30ರಿಂದ ಶುರುವಾಗುತ್ತದೆ, ನಿಮ್ಮದು 29ರಿಂದ. ಅವರು ಮಾಲನ್ನು ಕಾರವಾರಕ್ಕೆ ಕಳಿಸಿ ಬಿಲ್ ಮಾಡಿದರೆ ಐಜಿಎಸ್‌ಟಿ ಹಾಕುತ್ತಾರೆ. 10,000ದ ನಲ್ಲಿಗಳು ಅಂದರೆ ಮೇಲೆ 18% ಐಜಿಎಸ್‌ಟಿ 1,800. ಎಂಟ್ರಿ ಸುಲಭ: ಖರೀದಿ ಡೆಬಿಟ್ 10,000, ಇನ್‌ಪುಟ್ ಐಜಿಎಸ್‌ಟಿ ಡೆಬಿಟ್ 1,800, ಮಡಗಾವ್ ಪಾರ್ಟಿ ಕ್ರೆಡಿಟ್ 11,800. ಇದನ್ನು 900, 900 ಅಂತ ಒಡೆದು ಬರೆಯಬಾರದು.

ಐಜಿಎಸ್‌ಟಿ ಕ್ರೆಡಿಟನ್ನು ಮೊದಲು ಪೂರ್ತಿ ಮುಗಿಸಿದ ಮೇಲೇ ಉಳಿದೆರಡನ್ನು ಮುಟ್ಟಬೇಕು ಅನ್ನುವುದು ನಿಯಮ, ಆದರೆ ಅದನ್ನು ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಎರಡಕ್ಕೂ ನಿಮಗೆ ಬೇಕಾದ ಹಾಗೆ ಹಂಚಬಹುದು. ಮೇಲಿನ ಲೆಕ್ಕದಲ್ಲೇ ನೋಡಿ, ಮಾರಾಟದ ಟ್ಯಾಕ್ಸ್ 10,800 ಅಂದರೆ ಕಟ್ಟಬೇಕಾದ್ದು 5,400 ಮತ್ತು 5,400, ಹುಬ್ಬಳ್ಳಿ ಬಿಲ್ಲಿನ ಕ್ರೆಡಿಟ್ ಎರಡೂ ಕಡೆ 3,780 ಇದೆ. ಐಜಿಎಸ್‌ಟಿ 1,800ನ್ನು ಪೂರ್ತಿ ಸಿಜಿಎಸ್‌ಟಿಗೆ ಹಾಕಿದರೆ ಆ ಕಡೆ 180 ಕ್ರೆಡಿಟ್ ಉಳಿದು ಕೂರುತ್ತದೆ, ಈ ಕಡೆ ಎಸ್‌ಜಿಎಸ್‌ಟಿಗೆ 1,620 ನಗದು ಕಟ್ಟಬೇಕು. 900, 900 ಹಂಚಿದರೆ ಎರಡೂ ಕಡೆ 720, ಒಟ್ಟು 1,440 ಸಾಕು. ಪೋರ್ಟಲ್ ತಾನೇ ತುಂಬಿದ ಹಂಚಿಕೆಯನ್ನು ಒಮ್ಮೆ ನೋಡಿ, ಬೇಕಾದರೆ ತಿದ್ದಿ.

ತೊಂದರೆ ಬರುವುದು ನೀವೇ ಮಾಜಾಳಿ ಗಡಿ ದಾಟಿ ಹೋಗಿ, ಕೌಂಟರಿನಲ್ಲಿ ಮಾಲು ತೆಗೆದುಕೊಂಡು, ಗಾಡಿಯಲ್ಲಿ ಹಾಕಿಕೊಂಡು ಬಂದಾಗ. ಅಂಗಡಿಯವರು ಅಲ್ಲೇ ಮಾರಿದ್ದು ಅಂತ ಸಿಜಿಎಸ್‌ಟಿ 900, ಗೋವಾ ಎಸ್‌ಜಿಎಸ್‌ಟಿ 900 ಹಾಕಿ ಬಿಲ್ ಕೊಡುತ್ತಾರೆ. ಬಿಲ್ಲಿನ ಮೇಲೆ ನಿಮ್ಮ ನಂಬರ್ ಇದ್ದರೂ ಈ ಟ್ಯಾಕ್ಸ್ ನಿಮಗೆ ಸಿಗುವುದಿಲ್ಲ. "ಎಸ್‌ಜಿಎಸ್‌ಟಿ ಗೋವಾದ್ದು, ಬಿಡಿ, ಸಿಜಿಎಸ್‌ಟಿ ಕೇಂದ್ರದ್ದಲ್ವಾ, ಅದಾದರೂ ಬರುತ್ತೆ" ಅಂತ ಬಹಳ ಜನ ನಂಬಿದ್ದಾರೆ. ಅದೂ ಬರುವುದಿಲ್ಲ. ನಿಮ್ಮ 2ಬಿಯಲ್ಲಿ ಈ ಬಿಲ್ ಕಾಣಿಸುತ್ತದೆ, ಆದರೆ ಕ್ರೆಡಿಟ್ ಸಿಗದ ಪಟ್ಟಿಯಲ್ಲಿ. ಬಿಲ್ ಕಂಡಿತು ಅಂತ ಪಟ್ಟಿ ನೋಡದೆ ಕ್ಲೈಮ್ ಮಾಡಿದರೆ ಮುಂದೆ ನೋಟಿಸ್ ಬರುತ್ತದೆ. ಇಂಥ ಬಿಲ್ಲಿಗೆ ಮಾತ್ರ ನಿಮ್ಮ ಹಳೇ ಪದ್ಧತಿಯೇ ಸರಿ: ಖರೀದಿ ಡೆಬಿಟ್ 11,800, ಪಾರ್ಟಿ ಕ್ರೆಡಿಟ್ 11,800. ಮಾರುವ ಬೆಲೆ ಇಡುವಾಗಲೂ ನಿಮ್ಮ ಅಸಲು 11,800 ಅಂತಲೇ ಹಿಡಿಯಿರಿ. ಮುಂದಿನ ಸಲ ಬಿಲ್ ಮಾಡುವ ಮೊದಲೇ ನಿಮ್ಮ ನಂಬರ್ ಕೊಟ್ಟು, ಮಾಲು ಕಾರವಾರಕ್ಕೆ ಹೋಗುತ್ತದೆ, ಐಜಿಎಸ್‌ಟಿ ಬಿಲ್ ಬೇಕು ಅಂತ ಹೇಳಿ. ಒಮ್ಮೆ ಅವರು ರಿಟರ್ನಿನಲ್ಲಿ ಹಾಕಿದ ಮೇಲೆ ತಿದ್ದಲು ಮನಸ್ಸು ಮಾಡುವುದು ಕಷ್ಟ, ಯಾಕೆಂದರೆ ಅವರು ಐಜಿಎಸ್‌ಟಿ ಹೊಸದಾಗಿ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ರಿಫಂಡ್ ಕೇಳಬೇಕಾಗುತ್ತದೆ.

ಕೊನೆಗೆ ಹಳೇ ಪುಸ್ತಕದ ವಿಷಯ. ನಿಮ್ಮ ಹಳೇ ಲೆಕ್ಕದವರು ಪೂರ್ತಿ ಖರೀದಿಗೆ ಬರೆದ ಬಿಲ್ಲುಗಳ ಟ್ಯಾಕ್ಸನ್ನು ರಿಟರ್ನಿನಲ್ಲಿ ಕ್ಲೈಮ್ ಮಾಡಿದ್ದರಾ ಅಂತ ಮೊದಲು 3ಬಿ ತೆಗೆದು ನೋಡಿ. ಕ್ಲೈಮ್ ಮಾಡಿದ್ದರೆ ಹಣ ಎಲ್ಲೂ ಹೋಗಿಲ್ಲ, ಪುಸ್ತಕ ಮಾತ್ರ ತಪ್ಪು. ಈ ವರ್ಷದ ಬಿಲ್ಲುಗಳಿಗೆ ಇನ್‌ಪುಟ್ ಖಾತೆಗಳನ್ನು ಡೆಬಿಟ್ ಮಾಡಿ ಖರೀದಿ ಖಾತೆಯನ್ನು ಕ್ರೆಡಿಟ್ ಮಾಡಿದರೆ ಸರಿಯಾಗುತ್ತದೆ, ಬಿಲ್‌ವಾರು ಮಾಡಿ, ಒಟ್ಟು ಮೊತ್ತದ ಒಂದೇ ಎಂಟ್ರಿ ಬೇಡ. ಹೋದ ವರ್ಷದ್ದು ಆದರೆ ಆ ವರ್ಷದ ಲಾಭವೇ ಕಮ್ಮಿ ತೋರಿಸಿದ ಹಾಗಾಗಿದೆ, ಆದಾಯ ತೆರಿಗೆಗೂ ಅದು ತಗಲುತ್ತದೆ, ಹಾಗಾಗಿ ನಿಮ್ಮ ಆಡಿಟರ್ ಜೊತೆ ಕೂತು ಮಾಡಬೇಕು. ಕ್ಲೈಮೇ ಮಾಡಿಲ್ಲ ಅಂತ ಗೊತ್ತಾದರೆ ಪುಸ್ತಕ ತಿದ್ದುವುದು ಆಮೇಲೆ ಇರಲಿ. ಮೊದಲು ಪ್ರತಿ ತಿಂಗಳ 2ಬಿ ಇಳಿಸಿಕೊಂಡು, ನವೆಂಬರ್ 30ರ ಗಡುವು ಇನ್ನೂ ದಾಟದ ವರ್ಷದ ಬಿಲ್ಲುಗಳನ್ನು ಬೇರೆ ಮಾಡಿ, ಬರುವ 3ಬಿಯಲ್ಲೇ ಅವುಗಳನ್ನು ತೆಗೆದುಕೊಳ್ಳಿ.